ಹಪ್ಪಳ ಸುಟ್ಟರೆ ಒಂದು ಸುತ್ತು ಕಪ್ಪು, ನಡುವೆ ಹಸಿ: ಯಾಕೆ ಹೀಗಾಗುತ್ತದೆ?

ಪ್ರಶ್ನೆ: ಉದ್ದಿನ ಹಪ್ಪಳ ಗ್ಯಾಸ್ ಮೇಲೆ ಸುಟ್ಟರೆ ಒಂದು ಸುತ್ತು ಕರ್ರಗಾಗುತ್ತೆ, ನಡುವೆ ಹಸಿ ಉಳಿದು ಹಲ್ಲಿಗೆ ಅಂಟುತ್ತೆ. ಎಣ್ಣೆಯಲ್ಲಿ ಕರಿದರೆ ಮೊದಲನೇದು ಮೆತ್ತಗೆ, ಎಣ್ಣೆ ಕುಡಿದಿರುತ್ತೆ. ನಾಲ್ಕನೇದರ ಹೊತ್ತಿಗೆ ಕೆಂಪಾಗಿ ಕಹಿ. ಅಮ್ಮ ಊರಿಂದ ಕಳಿಸಿದ ಹಪ್ಪಳವೂ ಹಾಗೇ, ಅಂಗಡಿ ಹಪ್ಪಳವೂ ಹಾಗೇ. ನಾವಿರೋದು ಮಂಗಳೂರಲ್ಲಿ, ಈಗ ಮಳೆಗಾಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಡಬ್ಬಿಯಿಂದ ಒಂದು ಹಸಿ ಹಪ್ಪಳ ತೆಗೆದು ಕಿಟಕಿಯ ಬೆಳಕಿಗೆ ಹಿಡಿಯಿರಿ. ನಸು ಹಳದಿಯಾಗಿ, ಎಣ್ಣೆ ಹಚ್ಚಿದ ಕಾಗದದ ಹಾಗೆ ಬೆಳಕು ಅದರೊಳಗಿಂದ ತೂರಿ ಬರುತ್ತದೆ. ಈಗ ನೀವು ಸುಟ್ಟ ಹಪ್ಪಳವನ್ನೂ ಹಾಗೇ ಹಿಡಿದು ನೋಡಿ. ಸರಿಯಾಗಿ ಬೆಂದ ಕಡೆ ಬಿಳಿಚಿಕೊಂಡು, ಸಣ್ಣ ಸಣ್ಣ ಗುಳ್ಳೆ ಎದ್ದು, ಬೆಳಕು ಅಷ್ಟಾಗಿ ದಾಟದ ಹಾಗಾಗಿರುತ್ತದೆ. ಹಲ್ಲಿಗೆ ಅಂಟುವ ಜಾಗ ಮಾತ್ರ ಇನ್ನೂ ಹಳದಿಯಾಗಿ ನುಣ್ಣಗೆ ಹೊಳೆಯುತ್ತಿರುತ್ತದೆ. ಅದು ಅರೆಬೆಂದದ್ದಲ್ಲ, ಪೂರ್ತಿ ಹಸಿ. ಹಪ್ಪಳದಲ್ಲಿ ಅರ್ಧ ಬೇಯುವುದು ಅಂತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಒಂದು ಜಾಗ ಅರಳಿದೆ, ಇಲ್ಲವೇ ಅರಳಿಲ್ಲ, ಅಷ್ಟೇ. ನೀವು ಇನ್ನು ಮೇಲೆ ನೋಡಬೇಕಾದ್ದು ಈ ಒಂದು ಬದಲಾವಣೆಯನ್ನು. ಬಣ್ಣ ಕೆಂಪಾಯಿತೇ ಅಂತ ಕಾಯುವವರಿಗೆ ಹಪ್ಪಳ ಯಾವಾಗಲೂ ಸೀದುಹೋಗುತ್ತದೆ, ಯಾಕೆಂದರೆ ಅರಳುವುದು ಮೊದಲು, ಕೆಂಪಾಗುವುದು ಆಮೇಲೆ.

ಅರಳುವುದು ಹೇಗೆ ಅಂತ ತಿಳಿದರೆ ಉಳಿದದ್ದೆಲ್ಲ ಸುಲಭ. ಒಣಗಿದ ಹಪ್ಪಳ ನಿಜಕ್ಕೂ ಪೂರ್ತಿ ಒಣಗಿರುವುದಿಲ್ಲ. 100 ಗ್ರಾಂ ಉದ್ದಿನ ಹಪ್ಪಳದಲ್ಲಿ ಸುಮಾರು 12ರಿಂದ 15 ಗ್ರಾಂ ನೀರು ಇರುತ್ತದೆ. ಜೋರಾದ ಬಿಸಿ ತಾಗಿದಾಗ ಹಿಟ್ಟು ಒಂದು ಗಳಿಗೆ ಮೆತ್ತಗಾಗುತ್ತದೆ, ಅದೇ ಗಳಿಗೆಯಲ್ಲಿ ಒಳಗಿನ ನೀರು ಆವಿಯಾಗಿ ಉಬ್ಬಿಸುತ್ತದೆ. ಆವಿ ಹೊರಟ ಮೇಲೆ ಆ ಗುಳ್ಳೆಗಳು ಹಾಗೇ ಗಟ್ಟಿಯಾಗಿ ನಿಲ್ಲುತ್ತವೆ. ನಾವು ಗರಿಗರಿ ಅನ್ನುವುದು ಆ ಗುಳ್ಳೆಗಳ ತೆಳು ಗೋಡೆ ಮುರಿಯುವುದನ್ನು. ಬಿಸಿ ಸಾಲದಿದ್ದರೆ ನೀರು ಮೆಲ್ಲಗೆ ಆರಿಹೋಗುತ್ತದೆ, ಉಬ್ಬಿಸುವುದಕ್ಕೆ ಆವಿಯೇ ಉಳಿಯುವುದಿಲ್ಲ. ಆಮೇಲೆ ಎಷ್ಟು ಹೊತ್ತು ಸುಟ್ಟರೂ ಅದು ಅರಳದೆ ಕಪ್ಪಾಗುತ್ತದೆ. ಹಾಗಾಗಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸೋಣ ಅನ್ನುವ ಜಾಗ್ರತೆ ಹಪ್ಪಳಕ್ಕೆ ಒಗ್ಗುವುದಿಲ್ಲ.

ಉದ್ದಿನ ಹಪ್ಪಳದಲ್ಲಿ ಇನ್ನೊಂದು ವಿಷಯವಿದೆ. ಅದಕ್ಕೆ ಹಪ್ಪಳದ ಖಾರ ಹಾಕಿರುತ್ತಾರೆ. ಮೆಣಸಿನ ಖಾರ ಅಲ್ಲ, ಸೋಡಾದ ಜಾತಿಯ ಒಂದು ಕ್ಷಾರ. ಹಪ್ಪಳ ಹಗುರವಾಗಿ ಅರಳುವುದಕ್ಕೆ ಅದು ಬೇಕು. ಆದರೆ ಅದೇ ಖಾರದಿಂದ ಉದ್ದಿನ ಹಿಟ್ಟು ಬೇಗ ಕೆಂಪಾಗುತ್ತದೆ. ಅರಳಿದ್ದಕ್ಕೂ ಸೀದದ್ದಕ್ಕೂ ನಡುವೆ ನಿಮಗೆ ಸಿಗುವುದು ಎರಡು ಮೂರು ಸೆಕೆಂಡು ಮಾತ್ರ.

ಈಗ ನಿಮ್ಮ ಗ್ಯಾಸ್ ಒಲೆ ನೋಡೋಣ. ಒಂದು ಸುತ್ತು ಕಪ್ಪಾಗಿ ನಡುವೆ ಹಸಿ ಉಳಿಯುತ್ತದೆ ಅಂತ ಬರೆದಿದ್ದೀರಿ. ಬರ್ನರ್ ಹಚ್ಚಿ ಮೇಲಿಂದ ನೋಡಿ. ಉರಿ ಇರುವುದು ಬಳೆಯ ಹಾಗೆ ಸುತ್ತ, ನಟ್ಟನಡುವೆ ಉರಿಯೇ ಇಲ್ಲ. ನೀವು ಹಪ್ಪಳವನ್ನು ಬರ್ನರಿನ ನಡುವಿಗೆ ಸರಿಯಾಗಿ ಹಿಡಿಯುತ್ತಿದ್ದೀರಿ, ಅಥವಾ ಜಾಲರಿ ಇಟ್ಟು ಅದರ ಮೇಲೆ ಬಿಡುತ್ತಿದ್ದೀರಿ. ಆಗ ಬಳೆಯಷ್ಟು ಜಾಗ ಸೀಯುತ್ತದೆ, ನಡುವೆ ಮತ್ತು ಹೊರ ಅಂಚಿನಲ್ಲಿ ಹಸಿ ಉಳಿಯುತ್ತದೆ. ನಮ್ಮ ಮನೆಯಲ್ಲಿ ಹಿಂದೆ ಕೆಂಡದ ಮೇಲೆ ಸುಡುತ್ತಿದ್ದಾಗ ಈ ತೊಂದರೆ ಇರಲಿಲ್ಲ. ಕೆಂಡದ ಹಾಸಿನಲ್ಲಿ ಬಿಸಿ ಎಲ್ಲ ಕಡೆ ಒಂದೇ ಸಮ ಬರುತ್ತದೆ. ಗ್ಯಾಸಿನಲ್ಲಿ ಆ ಸಮವನ್ನು ನಮ್ಮ ಕೈ ತಂದುಕೊಡಬೇಕು.

ಹೀಗೆ ಮಾಡಿ. ಉರಿ ಮಧ್ಯಮಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಬಣ್ಣ ನೀಲಿಯಾಗಿರಲಿ. ಹಳದಿ ಉರಿ ಬರುತ್ತಿದ್ದರೆ ಬರ್ನರಿನ ತೂತು ಕಟ್ಟಿಕೊಂಡಿರಬಹುದು. ಅಂಥ ಉರಿ ಹಪ್ಪಳಕ್ಕೆ ಮಸಿ ಹಿಡಿಸುತ್ತದೆ, ಮೊದಲು ಬರ್ನರ್ ಚೊಕ್ಕ ಮಾಡಿಕೊಳ್ಳಿ. ಇಕ್ಕಳದಿಂದ ಹಪ್ಪಳದ ಅಂಚನ್ನು ಹಿಡಿಯಿರಿ, ತುದಿ ಅರ್ಧ ಅಂಗುಲಕ್ಕಿಂತ ಒಳಗೆ ಹೋಗದಿರಲಿ. ಉರಿಯ ತುದಿಗಿಂತ ಒಂದು ಬೆರಳು ಮೇಲೆ, ಬಳೆಯ ಒಂದು ಬದಿಯಲ್ಲಿ ಮಾತ್ರ ಹಪ್ಪಳ ಬರಬೇಕು. ನಡುವಿಗೆ ತರಲೇಬೇಡಿ. ಮೊದಲ ಎರಡು ಸೆಕೆಂಡು ಏನೂ ಆದ ಹಾಗೆ ಕಾಣುವುದಿಲ್ಲ. ಆಮೇಲೆ ಉರಿಗೆ ಸಿಕ್ಕ ಜಾಗ ಬಿಳಿಚಿ, ನವಿರಾದ ಗುಳ್ಳೆ ಏಳುತ್ತವೆ, ಮೆಲ್ಲಗೆ ಚಿಟಚಿಟ ಸದ್ದು ಕೇಳುತ್ತದೆ. ಬಿಳಿಚಿದ ಕೂಡಲೇ ಪಕ್ಕದ ಜಾಗಕ್ಕೆ ಸರಿಸಿ. ಆ ಬಿಳಿ ಗಡಿಯನ್ನೇ ಕಣ್ಣಿಟ್ಟು ನೋಡುತ್ತಾ, ಅದರ ಮುಂದಿನ ಹಳದಿ ಭಾಗವನ್ನು ಉರಿಗೆ ಕೊಡುತ್ತಾ ಹೋಗಿ. ನಡುಭಾಗ ಅರಳಿದ ಮೇಲೆ ಮಗುಚಿ, ಆ ಬದಿಗೂ ಅಷ್ಟೇ ಬೇಗ ಕೈಯಾಡಿಸಿ.

ಅಂಚು ಕೊನೆಗೆ. ಹಪ್ಪಳವನ್ನು ಓರೆಯಾಗಿ ಹಿಡಿದು, ಗಾಡಿಯ ಗಾಲಿ ತಿರುಗಿಸಿದ ಹಾಗೆ ಸುತ್ತಿಸುತ್ತಾ ಅಂಚಿಗೆ ಮಾತ್ರ ಉರಿ ತಾಗಿಸಿ. ಅಂಚು ತೆಳು, ಒಂದು ಸೆಕೆಂಡು ಸಾಕು. ಮೊದಲೇ ಅಂಚಿನಿಂದ ಶುರು ಮಾಡಿದರೆ ಹಪ್ಪಳ ಬಟ್ಟಲಿನ ಹಾಗೆ ಮುದುಡಿಕೊಂಡು ನಡುವಿಗೆ ಉರಿಯೇ ಸಿಗುವುದಿಲ್ಲ. ಇನ್ನು ಇಕ್ಕಳ ಹಿಡಿದ ಜಾಗ. ತುಂಬ ಜನ ಮರೆಯುವುದು ಇದನ್ನೇ. ಇಕ್ಕಳದ ಕಬ್ಬಿಣ ಆ ಚೂರು ಜಾಗಕ್ಕೆ ಬಿಸಿ ತಾಗಗೊಡುವುದಿಲ್ಲ. ಅಂಚು ಸುಡುವಾಗ ಒಮ್ಮೆ ಹಿಡಿತ ಬದಲಾಯಿಸಿ ಅದನ್ನೂ ಮುಗಿಸಿ. ಆರು ಏಳು ಅಂಗುಲದ ಹಪ್ಪಳಕ್ಕೆ ಇದೆಲ್ಲ ಸೇರಿ ಅರ್ಧ ನಿಮಿಷ ಹಿಡಿಯುತ್ತದೆ. ಒಲೆಯಿಂದ ತೆಗೆದಾಗ ಹಪ್ಪಳ ಸ್ವಲ್ಪ ಬಾಗುತ್ತದೆ, ಮೆತ್ತಗಿದೆ ಅಂತ ಗಾಬರಿ ಬೇಡ. ಐದಾರು ಸೆಕೆಂಡಿಗೆ ಗಟ್ಟಿಯಾಗುತ್ತದೆ. ಚಪ್ಪಟೆ ಬೇಕಿದ್ದರೆ ಆ ಹೊತ್ತಿನಲ್ಲೇ ತಟ್ಟೆಯ ಮೇಲಿಟ್ಟು ಒಣಬಟ್ಟೆಯಿಂದ ಒತ್ತಿ. ಒಂದು ನಿಮಿಷ ಬಿಟ್ಟು ಮುರಿದಾಗಲೂ ಬಾಗಿದರೆ ಮಾತ್ರ ಹಸಿ ಉಳಿದಿದೆ ಅಂತ. ಹಳದಿ ಜಾಗ ಹುಡುಕಿ ಅಲ್ಲಿಗಷ್ಟೇ ಮತ್ತೆ ಉರಿ ತೋರಿಸಬಹುದು, ತೊಂದರೆಯಿಲ್ಲ.

ಕರಿಯುವ ವಿಷಯಕ್ಕೆ ಬರೋಣ. ಮೊದಲನೇದು ಮೆತ್ತಗೆ, ನಾಲ್ಕನೇದು ಕೆಂಪು ಅಂತ ಬರೆದಿದ್ದೀರಲ್ಲ, ನಿಮ್ಮ ಬಾಣಲೆಯ ಕಥೆ ಅದರಲ್ಲೇ ಇದೆ. ಮೊದಲ ಹಪ್ಪಳಕ್ಕೆ ಎಣ್ಣೆ ಕಾದಿರಲಿಲ್ಲ. ಅದು ಅರಳಲಿಲ್ಲ ಅಂತ ನೀವು ಉರಿ ದೊಡ್ಡದು ಮಾಡಿದಿರಿ, ಮತ್ತೆ ಇಳಿಸಲಿಲ್ಲ. ಎಣ್ಣೆಯೂ ಕಡಿಮೆ ಹಾಕಿರುತ್ತೀರಿ, ಉಳಿಸೋಣ ಅಂತ. ಕಡಿಮೆ ಎಣ್ಣೆ ಬೇಗ ತಣಿಯುತ್ತದೆ, ಅಷ್ಟೇ ಬೇಗ ಮಿತಿಮೀರಿ ಕಾಯುತ್ತದೆ. ಬಾಣಲೆಯಲ್ಲಿ ಎರಡು ಬೆರಳು ಆಳ ಎಣ್ಣೆ ಇದ್ದರೆ ಅದರ ಬಿಸಿ ಹಿಡಿತದಲ್ಲಿರುತ್ತದೆ. ಬಾಣಲೆಯ ಬಾಯಿ ಹಪ್ಪಳಕ್ಕಿಂತ ಎರಡು ಅಂಗುಲವಾದರೂ ಅಗಲ ಇರಲಿ, ಯಾಕೆಂದರೆ ಕರಿಯುವಾಗ ಹಪ್ಪಳ ಹಿಗ್ಗುತ್ತದೆ. ಜಾಗ ಸಾಲದಿದ್ದರೆ ಅಂಚು ಮಡಚಿಕೊಂಡು ಮಡಿಕೆಯೊಳಗೆ ಹಸಿ ಉಳಿಯುತ್ತದೆ. ದೊಡ್ಡ ಬಾಣಲೆ ಇಲ್ಲದಿದ್ದರೆ ಹಪ್ಪಳವನ್ನು ಎರಡು ಅಥವಾ ನಾಲ್ಕು ತುಂಡು ಮಾಡಿ ಕರಿಯಿರಿ.

ಎಣ್ಣೆ 180ರಿಂದ 190 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಬೇಕಿಲ್ಲ, ಹಪ್ಪಳದ ಅಂಚಿನಿಂದ ಉಗುರಿನಷ್ಟು ಚೂರು ಮುರಿದು ಹಾಕಿ. ಚೂರು ತಳಕ್ಕೆ ಹೋಗಿ ಅಲ್ಲೇ ಕೂತು, ಸುತ್ತ ಒಂದೆರಡು ಗುಳ್ಳೆ ಬಂದರೆ ಎಣ್ಣೆ ಇನ್ನೂ ಕಾಯಬೇಕು. ಹಾಕಿದ ಒಂದು ಸೆಕೆಂಡಿನೊಳಗೆ ಬಿಳಿಯಾಗಿ ಅರಳಿ ಮೇಲೆ ತೇಲಿದರೆ ಸರಿಯಾಗಿದೆ. ಅರಳುತ್ತಿದ್ದ ಹಾಗೆಯೇ ಅಂಚು ಕೆಂಪಾದರೆ ಜಾಸ್ತಿಯಾಗಿದೆ, ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಎಣ್ಣೆಯಿಂದ ಹೊಗೆ ಬರುವುದಕ್ಕೆ ಬಿಡಲೇಬಾರದು. ಸರಿಯಾದ ಹದ ಸಿಕ್ಕಿದ ಮೇಲೆ ಉರಿಯನ್ನು ಮಧ್ಯಮಕ್ಕೆ ಇಳಿಸಿ. ಒಂದು ಹಪ್ಪಳ ತೆಗೆದು ಇನ್ನೊಂದು ಹಾಕುವ ಮೊದಲು ಮನಸ್ಸಿನಲ್ಲಿ ಹತ್ತು ಎಣಿಸಿ, ಎಣ್ಣೆ ಮತ್ತೆ ಹದಕ್ಕೆ ಬರುತ್ತದೆ. ಪ್ರತಿ ನಾಲ್ಕೈದು ಹಪ್ಪಳಕ್ಕೆ ಒಮ್ಮೆ ಆ ಚೂರಿನ ಪರೀಕ್ಷೆ ಮತ್ತೆ ಮಾಡಿ.

ಹಪ್ಪಳವನ್ನು ಬಾಣಲೆಯ ಬದಿಯಿಂದ ಜಾರಿಸಿ ಬಿಡಿ. ಕೂಡಲೇ ಜಾಲರಿ ಸೌಟಿನಿಂದ ನಡುವೆ ಮೆಲ್ಲಗೆ ಅದುಮಿ, ಎಣ್ಣೆಯೊಳಗೆ ಮುಳುಗುವಷ್ಟು ಮಾತ್ರ. ಇಲ್ಲದಿದ್ದರೆ ಮೇಲ್ಭಾಗ ಎಣ್ಣೆಯಿಂದ ಹೊರಗೇ ಉಳಿದು ಹಪ್ಪಳ ಸುರುಳಿ ಸುತ್ತುತ್ತದೆ. ಎರಡು ಸೆಕೆಂಡು, ಒಮ್ಮೆ ಮಗುಚಿ, ಮತ್ತೆ ಎರಡು ಸೆಕೆಂಡು. ಸುತ್ತಲಿನ ನೊರೆಗುಳ್ಳೆ ಕಡಿಮೆಯಾದರೆ ಒಳಗಿನ ನೀರು ಹೋಗಿದೆ ಅಂತ ಅರ್ಥ. ಆಗ ಬಣ್ಣ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತಿಳಿಯಾಗಿರಬೇಕು. ಹೊರಗೆ ತೆಗೆದ ಮೇಲೂ ಅಂಟಿಕೊಂಡ ಬಿಸಿ ಎಣ್ಣೆ ಒಂದಿಷ್ಟು ಬಣ್ಣ ಏರಿಸುತ್ತದೆ. ಬಾಣಲೆಯಲ್ಲೇ ಹೊಂಬಣ್ಣ ಬರಲಿ ಅಂತ ಕಾದರೆ ತಟ್ಟೆಗೆ ಬರುವಾಗ ಕೆಂಪಾಗಿರುತ್ತದೆ.

ತೆಗೆದ ಹಪ್ಪಳವನ್ನು ತಕ್ಷಣ ತಟ್ಟೆಯಲ್ಲಿ ಮಲಗಿಸಬೇಡಿ. ಇಕ್ಕಳದಲ್ಲಿ ಹಿಡಿದು ಬಾಣಲೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೂರು ಸೆಕೆಂಡು ಎಣ್ಣೆ ಸೋರಲಿ. ಹಪ್ಪಳ ಎಣ್ಣೆ ಕುಡಿಯುವುದು ಬಾಣಲೆಯಲ್ಲಿ ಇದ್ದಾಗ ಅಷ್ಟಾಗಿ ಅಲ್ಲ. ಆವಿ ಹೊರಗೆ ತಳ್ಳುತ್ತಿರುವ ತನಕ ಎಣ್ಣೆ ಒಳಗೆ ಬರಲಾರದು. ಹೊರಗೆ ಬಂದು ತಣಿಯುವಾಗ ಗುಳ್ಳೆಗಳು ಮೈಮೇಲಿನ ಎಣ್ಣೆಯನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಬಿಸಿ ಇರುವಾಗಲೇ ಎಣ್ಣೆ ಸೋರಿಹೋದರೆ ಎಳೆದುಕೊಳ್ಳಲು ಏನೂ ಉಳಿಯುವುದಿಲ್ಲ. ಬುಟ್ಟಿಯಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ಕಾರಣವನ್ನೂ ನೋಡಿಬಿಡಿ. ಅಮ್ಮ ಕಳಿಸಿದ ಹಪ್ಪಳದ ಮೇಲೆ ಬೆರಳಾಡಿಸಿ, ಬಿಳಿ ಪುಡಿ ಹತ್ತುತ್ತದೆ ಅಲ್ವಾ? ಲಟ್ಟಿಸುವಾಗ ಅಂಟದಿರಲಿ ಅಂತ ಉದುರಿಸಿದ ಹಿಟ್ಟು ಅದು. ಎಣ್ಣೆಗೆ ಹೋದರೆ ತಳದಲ್ಲಿ ಕೂತು ಕರಕಲಾಗುತ್ತದೆ. ಮೂರು ನಾಲ್ಕು ಹಪ್ಪಳ ಆಗುವಾಗ ಆ ಕರಕಲು ಎದ್ದುಬಂದು ಮುಂದಿನದಕ್ಕೆ ಅಂಟುತ್ತದೆ. ನಿಮ್ಮ ನಾಲ್ಕನೇ ಹಪ್ಪಳದ ಕಹಿಯಲ್ಲಿ ಇದರ ಪಾಲೂ ಇರಬಹುದು. ಒಣ ಬಟ್ಟೆಯಿಂದ ಎರಡೂ ಬದಿ ಒರೆಸಿ ಹಾಕಿ. ಸುಡುವ ಹಪ್ಪಳವನ್ನೂ ಒರೆಸಿ, ಇಲ್ಲದಿದ್ದರೆ ಆ ಹಿಟ್ಟು ಮೊದಲು ಕಪ್ಪು ಚುಕ್ಕೆಯಾಗುತ್ತದೆ.

ಇನ್ನು ಮಂಗಳೂರಿನ ಮಳೆಗಾಲ. ಥಂಡಿ ಹಿಡಿದ ಹಪ್ಪಳದಲ್ಲಿ ನೀರು ಜಾಸ್ತಿ. ಒಳಗಿನ ನೀರು ಆರುವ ಮೊದಲೇ ಮೇಲ್ಮೈ ಸೀಯುತ್ತದೆ. ಗುಳ್ಳೆ ದಪ್ಪ ದಪ್ಪ ಎದ್ದು ಅವುಗಳ ನೆತ್ತಿ ಮಾತ್ರ ಕಪ್ಪಾಗುತ್ತದೆ, ಬುಡ ನಾರಿನ ಹಾಗೆ ಜಗಿಯಬೇಕಾಗುತ್ತದೆ. ಹಪ್ಪಳವನ್ನು ಕೈಯಲ್ಲಿ ಮೆಲ್ಲಗೆ ಬಾಗಿಸಿ ನೋಡಿ. ಒಳ್ಳೆಯ ಉದ್ದಿನ ಹಪ್ಪಳ ಸ್ವಲ್ಪ ಬಾಗಿ ಆಮೇಲೆ ಮುರಿಯುತ್ತದೆ. ಬಟ್ಟೆಯ ಹಾಗೆ ಮಡಚಿಕೊಂಡರೆ ಥಂಡಿಯಾಗಿದೆ. ಮುಟ್ಟಿದ ಕೂಡಲೇ ಟಕ್ಕನೆ ಮುರಿದರೆ ಜಾಸ್ತಿ ಒಣಗಿದೆ, ಅದೂ ಸರಿಯಾಗಿ ಅರಳುವುದಿಲ್ಲ. ಥಂಡಿಯಾದ ಹಪ್ಪಳಕ್ಕೆ ಬಿಸಿಲು ಸಿಕ್ಕ ದಿನ ಬದಿಗೆ ಹತ್ತು ಹತ್ತು ನಿಮಿಷ ಸಾಕು. ಬಿಸಿಲಿಲ್ಲದಿದ್ದರೆ ದೋಸೆ ಎರೆದು ಮುಗಿದ ಮೇಲೆ ಒಲೆ ಆರಿಸಿ, ಕಾವಲಿ ಕೈ ಇಡುವಷ್ಟು ಬೆಚ್ಚಗಾದಾಗ ಅದರ ಮೇಲೆ ಹಪ್ಪಳ ಹರಡಿ, ಹತ್ತು ನಿಮಿಷಕ್ಕೊಮ್ಮೆ ಮಗುಚಿ. ಕಾವಲಿ ಜಾಸ್ತಿ ಬಿಸಿ ಇದ್ದರೆ ಹಪ್ಪಳ ಅಲ್ಲೇ ಅರಳಲು ಶುರುವಾಗುತ್ತದೆ, ಅದು ಬೇಡ. ಜಾಸ್ತಿ ಒಣಗಿದ್ದನ್ನು ಮಳೆಗಾಲದ ರಾತ್ರಿ ತಟ್ಟೆಯಲ್ಲಿ ಹರಡಿ ಹೊರಗಿಟ್ಟರೆ ಬೆಳಿಗ್ಗೆ ಹೊತ್ತಿಗೆ ಹದಕ್ಕೆ ಬಂದಿರುತ್ತದೆ. ಒಂದೇ ಕಟ್ಟಿನಲ್ಲಿ ಹೊರಗಿನ ಎರಡು ಹಪ್ಪಳ ಒಣಗಿ, ಒಳಗಿನವು ಮೆತ್ತಗೆ ಇರುವುದೂ ಉಂಟು. ಅದಕ್ಕೇ ಒಂದು ದಿನ ಚೆನ್ನಾಗಿ ಬಂದದ್ದು ಮರುದಿನ ಬರುವುದಿಲ್ಲ. ಕರಿಯುವ ಮೊದಲು ಒಂದನ್ನು ಬಾಗಿಸಿ ನೋಡುವ ರೂಢಿ ಇಟ್ಟುಕೊಳ್ಳಿ.

ಈ ಲೆಕ್ಕವೆಲ್ಲ ಉದ್ದಿನ ಹಪ್ಪಳದ್ದು. ಅಕ್ಕಿ ಹಪ್ಪಳದ ಹಿಟ್ಟು ಮೊದಲೇ ಬೆಂದು ಗಟ್ಟಿಯಾಗಿ ಒಣಗಿರುತ್ತದೆ, ಅದು ಟಕ್ಕನೆ ಮುರಿಯುವುದೇ ಸರಿ. ಅದನ್ನು ಕರಿಯುವುದೇ ಒಳ್ಳೆಯದು. ಸುಟ್ಟರೆ ಅಲ್ಲಲ್ಲಿ ಅರಳಿ ಉಳಿದ ಕಡೆ ಕಲ್ಲಿನ ಹಾಗಿರುತ್ತದೆ. ಹಲಸಿನ ಹಪ್ಪಳದಲ್ಲಿ ಹಣ್ಣಿನ ಸಿಹಿ ಇರುತ್ತದೆ, ಹಾಗಾಗಿ ಎಣ್ಣೆ ಸ್ವಲ್ಪ ಕಡಿಮೆ ಕಾದಿರಲಿ. ಬಲಿತ ಕಾಯಿಯಲ್ಲಿ ಮಾಡಿದ್ದು ಹೊಂಬಣ್ಣಕ್ಕೆ ಬರುತ್ತದೆ. ಹಣ್ಣಾಗಲು ಹೊರಟ ಸೊಳೆ ಸೇರಿದ್ದರೆ ನೀವು ಎಷ್ಟು ಜಾಗ್ರತೆ ಮಾಡಿದರೂ ಕೆಂಪಾಗುತ್ತದೆ, ಅದು ಕರಿದವರ ತಪ್ಪಲ್ಲ. ನಿಮ್ಮ ಕಡೆ ಸಿಗುವ ಕೇರಳದ ಪಪ್ಪಡ ಪೂರಿಯ ಹಾಗೆ ಉಬ್ಬಬೇಕು, ಅದನ್ನು ಸೌಟಿನಿಂದ ಅದುಮಬೇಡಿ. ಕರೆಂಟ್ ಒಲೆಯವರು ಉದ್ದಿನ ಹಪ್ಪಳವನ್ನು ಚೆನ್ನಾಗಿ ಕಾದ ತವಾದ ಮೇಲೆ ಹಾಕಿ, ಮಡಚಿದ ಬಟ್ಟೆಯಿಂದ ಒತ್ತುತ್ತಾ ಎರಡೂ ಬದಿ ಸುಡಬಹುದು. ಮೈಕ್ರೋವೇವಿನಲ್ಲಾದರೆ ಒಂದೊಂದೇ ಹಪ್ಪಳ ಇಟ್ಟು, ಅರ್ಧ ನಿಮಿಷಕ್ಕೆ ಒಮ್ಮೆ ಮಗುಚಿ, ಹಳದಿ ಜಾಗ ಹೋಗುವ ತನಕ ಹತ್ತು ಹತ್ತು ಸೆಕೆಂಡು ಮುಂದುವರಿಸಿ.

ಚೆನ್ನಾಗಿ ಕರಿದ ಹಪ್ಪಳವೂ ಆಮೇಲೆ ಕೆಡಬಹುದು. ನಮ್ಮ ಮನೆಯ ಗೃಹಪ್ರವೇಶದ ದಿನ ನಾನೇ 150 ಹಪ್ಪಳ ಬೆಳಿಗ್ಗೆ ಎಂಟಕ್ಕೇ ಕರಿದು, ಬಿಸಿ ಬಿಸಿಯಾಗಿ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿಟ್ಟಿದ್ದೆ. ಮಧ್ಯಾಹ್ನ ಮುಚ್ಚಳ ತೆಗೆದರೆ ಅದರ ಒಳಗೆಲ್ಲ ನೀರು ಹನಿಗಟ್ಟಿತ್ತು, ಹಪ್ಪಳ ಮುರಿಯುವ ಬದಲು ಬಾಗುತ್ತಿತ್ತು. ಬಿಸಿ ಹಪ್ಪಳದ ಆವಿ ಹೊರಗೆ ಹೋಗದೆ ವಾಪಸ್ ಅದಕ್ಕೇ ಸೇರಿತ್ತು. ಎಲೆ ಹಾಕುವ ಹೊತ್ತಾಗಿತ್ತು. ಎರಡು ಕಾವಲಿ ಕಾಯಿಸಿ, ಎಣ್ಣೆ ಹಾಕದೆ ಒಂದೊಂದೇ ಹಪ್ಪಳವನ್ನು ಬದಿಗೆ ಐದೈದು ಸೆಕೆಂಡು ಇಟ್ಟು ತೆಗೆದೆವು, ಮತ್ತೆ ಗರಿಗರಿಯಾಯಿತು. ಮೆತ್ತಗಾದ ಹಪ್ಪಳವನ್ನು ಹೀಗೆ ಉಳಿಸಬಹುದು, ಆದರೆ ಅರಳದೆ ಹಸಿ ಉಳಿದದ್ದಕ್ಕೆ ಈ ಉಪಾಯ ನಡೆಯುವುದಿಲ್ಲ. ಮೊದಲೇ ಕರಿದಿಡಬೇಕಾದರೆ ಪೂರ್ತಿ ತಣಿಯುವ ತನಕ ನಿಲ್ಲಿಸಿಟ್ಟು, ಆಮೇಲೆ ಕಾಗದ ಹಾಸಿದ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ನಿಮ್ಮ ಊರಿನ ಈಗಿನ ಹವೆಯಲ್ಲಿ ತೆರೆದಿಟ್ಟರೆ ಸ್ವಲ್ಪ ಹೊತ್ತಿಗೇ ಮೆತ್ತಗಾಗುತ್ತದೆ. ಮನೆಮಂದಿಗೆ ನಾಲ್ಕೇ ಹಪ್ಪಳ ಅಂದರೆ ಅನ್ನ ಬಡಿಸಿದ ಮೇಲೆ ಒಲೆ ಹಚ್ಚಿ.

ಇವತ್ತು ರಾತ್ರಿ ಊಟಕ್ಕೆ ಒಂದೇ ಹಪ್ಪಳ ತೆಗೆದುಕೊಳ್ಳಿ. ಒರೆಸಿ, ಬಾಗಿಸಿ ನೋಡಿ, ಬರ್ನರಿನ ಒಂದು ಬದಿಯಲ್ಲಿ ಹಿಡಿದು ಆ ಬಿಳಿ ಗಡಿಯ ಹಿಂದೆಯೇ ಹೋಗಿ. ಆಮೇಲೆ ಬೆಳಕಿಗೆ ಹಿಡಿದು, ಹಳದಿ ಎಲ್ಲಿ ಉಳಿದಿದೆ ಅಂತ ನನಗೆ ಬರೆಯಿರಿ. ನಡುವೆ ಉಳಿದಿದ್ದರೆ ಇನ್ನೂ ಬರ್ನರಿನ ನಡುವಿಗೆ ಹಿಡಿಯುತ್ತಿದ್ದೀರಿ. ಒಂದೇ ಬದಿಯ ಅಂಚಿನಲ್ಲಿ ಉಗುರಿನಷ್ಟು ಉಳಿದಿದ್ದರೆ ಅದು ಇಕ್ಕಳದ ಜಾಗ. ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಉಳಿದಿದ್ದರೆ ಕೈ ಸ್ವಲ್ಪ ಜಾಸ್ತಿ ಬೇಗ ಓಡಿದೆ.